ಸ್ಟಿಕ್ಕರ್ ನೋಡಿ ಸಾಲ ಮಾಡಬೇಡಿ

ಯೆರವಡಾದ ಅಕ್ಕ ಅಣ್ಣಂದಿರೇ, ಮಗ ಕಾಲೇಜು ಸೇರಿದನೆಂದು ಕಂತಿನ ಮೇಲೆ ಲ್ಯಾಪ್‌ಟಾಪ್ ತಂದು, ವರ್ಷ ತುಂಬುವ ಮೊದಲೇ ಮೂಲೆಗಿಟ್ಟ ಮನೆ ನಿಮ್ಮ ಓಣಿಯಲ್ಲೂ ಇದೆ. ಹುಡುಗ ಹಾಳು ಮಾಡಿದ ಎಂದು ಅವನನ್ನೇ ಬೈದಿರಿ. ತಪ್ಪು ಅವನದಲ್ಲ. ಅಂಗಡಿಯವನು ಬಾಯಿ ಬಿಡದ ಒಂದು ಮಾತಿನದು.

ನಮ್ಮ ಓಣಿಯಲ್ಲಿ ಕಲಬುರಗಿ ಕಡೆಯ ತಾಯಿಯೊಬ್ಬರು ಮನೆಗೆಲಸದ ದುಡ್ಡಿನಿಂದ ಡಿಪ್ಲೊಮಾ ಓದುವ ಮಗನಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸಿದರು. ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಿತಿಯೇ 4 ಮತ್ತು 64. ಅಂದರೆ ಯಂತ್ರ ಎದ್ದು ನಿಲ್ಲುವುದಕ್ಕಷ್ಟೇ ಸಾಕು, ಓದಿಗಲ್ಲ. ನಾಲ್ಕು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ಕಾಲೇಜಿನ ಸಾಫ್ಟ್‌ವೇರ್ ಹಾಕಿದರೆ ಅಪ್‌ಡೇಟ್‌ಗೆ ಜಾಗ ಉಳಿಯುವುದಿಲ್ಲ.

ರ‍್ಯಾಮ್ ಹೆಚ್ಚಿಸೋಣ ಎಂದು ರಿಪೇರಿಯವನ ಹತ್ತಿರ ಒಯ್ದರು. ಅವನು ಹಿಂಬದಿ ಬಿಚ್ಚಿ ತೋರಿಸಿದ: ರ‍್ಯಾಮ್ ಬೋರ್ಡಿಗೇ ಬೆಸುಗೆ, ಖಾಲಿ ಸ್ಲಾಟ್ ಇಲ್ಲ; ಇಎಂಎಂಸಿಯೂ ಬೆಸುಗೆ, ಎಸ್‌ಎಸ್‌ಡಿ ಕೂರಿಸಲು ಜಾಗವಿಲ್ಲ. ಕಂತು ಇನ್ನೂ ಮುಗಿದಿಲ್ಲ. ಮಾರುವಾಗ ಪ್ರೊಸೆಸರಿನ ಸ್ಟಿಕ್ಕರ್ ತೋರಿಸಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಬಡವರ ಮುಂದೆ ಸುಮ್ಮನಿದ್ದನಲ್ಲ, ಅದನ್ನು ಕ್ಷಮಿಸಲಾರೆ. ಬೆಸುಗೆಯೇ ತಪ್ಪಲ್ಲ, 16 ಜಿಬಿ ಬೆಸೆದಿದ್ದರೆ ಚಿಂತೆಯಿಲ್ಲ. 4 ಜಿಬಿ ಬೆಸೆದು, ಬೆಳೆಯುವ ದಾರಿ ಮುಚ್ಚಿ, ಅದನ್ನು ಮುಚ್ಚಿಟ್ಟು ಮಾರುವುದು ಅನ್ಯಾಯ.

ನಾವೂ ಕೇಳುವುದಿಲ್ಲ! ತರಕಾರಿಯನ್ನು ಒತ್ತಿ ನೋಡುವವರು, ತಿಂಗಳುಗಟ್ಟಲೆ ಕಂತು ಕಟ್ಟುವ ವಸ್ತುವನ್ನು ಡಬ್ಬಿ ಸಮೇತ ಹೊತ್ತು ತರುತ್ತೇವೆ. ಅಂಗಡಿಯಲ್ಲೇ ಯಂತ್ರ ಹಚ್ಚಿಸಿ, Ctrl+Shift+Esc ಒತ್ತಿ, Performance ಒಳಗೆ Memory ನೋಡಿ. Form factor ಎದುರು SODIMM ಎಂದಿದ್ದರೆ ಬಿಚ್ಚಿ ಹಾಕುವ ರ‍್ಯಾಮ್, Row of chips ಎಂದಿದ್ದರೆ ಬೆಸುಗೆ. ಬೆಸುಗೆಯ ಜೊತೆಗೆ ಸ್ಲಾಟ್ ಇರುವ ಮಾದರಿಗಳೂ ಉಂಟು. ಅದಕ್ಕೇ ಮಾಡೆಲ್ ನಂಬರ್ ಹಿಡಿದು ಕಂಪನಿಯ ವೆಬ್‌ಸೈಟಿನಲ್ಲಿ ಖಚಿತಪಡಿಸಿಕೊಳ್ಳಿ. ಮಗನಿಗೆ ಹೇಳಿದರೆ ಅಲ್ಲೇ ಮೊಬೈಲಿನಲ್ಲಿ ನೋಡುತ್ತಾನೆ.

ದುಡ್ಡು ಕಡಿಮೆ ಇದ್ದರೆ ಮೊದಲು 8 ಜಿಬಿ ರ‍್ಯಾಮ್, ಜೊತೆಗೊಂದು ಸ್ಲಾಟ್. ಆಮೇಲೆ 256 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರ್ ಐ3-1215ಯು ಮಟ್ಟದ್ದಾದರೂ ಡಿಪ್ಲೊಮಾ, ಬಿಕಾಂಗೆ ಧಾರಾಳ. ಅಷ್ಟೂ ಆಗದಿದ್ದರೆ ಹೊಸ ಸೆಲೆರಾನಿಗಿಂತ, ಆಫೀಸುಗಳಿಂದ ಬಂದ ಹಳೆಯ ಐ5 ಮೇಲು. ಆದರೆ 8ನೇ ತಲೆಮಾರಿಗಿಂತ ಹಳೆಯದು ಬೇಡ, ವಿಂಡೋಸ್ 11ರ ಪಟ್ಟಿಯಲ್ಲಿ ಅದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಬ್ಯಾಟರಿಯನ್ನು ಚಾರ್ಜರ್ ತೆಗೆದು ಪರೀಕ್ಷಿಸಿ.

ಈ ಸಲ ದಾಖಲಾತಿ ಮುಗಿದು ಅಂಗಡಿಗೆ ಹೋಗುವ ಪ್ರತಿಯೊಬ್ಬ ತಾಯಿತಂದೆಗೆ ಕೈ ಮುಗಿದು ಕೇಳುತ್ತೇನೆ: ಎಷ್ಟು ಜಿಬಿಯವರೆಗೆ ರ‍್ಯಾಮ್ ಹೆಚ್ಚಿಸಬಹುದು, ಎಸ್‌ಎಸ್‌ಡಿಯೋ ಇಎಂಎಂಸಿಯೋ, ಇವೆರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಎಂದರೆ ದುಡ್ಡು ಕೊಡದೆ ಎದ್ದು ಬನ್ನಿ.