ಸೇರುವ ದಿನ ಮುಂದೂಡಿ ಎಂದು ಕೇಳುವಾಗ

ಹೈದರಾಬಾದಿನ ಕಂಪನಿಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುವುದು ನನ್ನ ಕೆಲಸ. ಆಫರ್ ಒಪ್ಪಿಕೊಂಡವರು ಬರೆಯುವ ಮೇಲ್‌ಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ವೈಯಕ್ತಿಕ ಕಾರಣಗಳಿಂದ ಸೇರಲು ಇನ್ನೂ ಸ್ವಲ್ಪ ಸಮಯ ಬೇಕು.’ ಬರೆದವರ ಕಷ್ಟ ನಿಜವೇ ಇರಬಹುದು. ಆದರೆ ಅದನ್ನು ಓದಿದ ಎಚ್‌ಆರ್‌ಗೆ ಮೊದಲು ಹೊಳೆಯುವುದು ಒಂದೇ: ಇವರ ಕೈಗೆ ಇನ್ನೊಂದು ಆಫರ್ ಬಂದಿರಬೇಕು.

ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮಲ್ಲಿ ನೋಟಿಸ್ ಅವಧಿ 60 ದಿನ, 90 ದಿನ ಇರುವುದು ಮಾಮೂಲು. ಅಷ್ಟು ದಿನಗಳಲ್ಲಿ ಒಂದು ಆಫರ್ ತೋರಿಸಿ ಇನ್ನೊಂದು ಪಡೆಯುವವರು ಇದ್ದಾರೆ; ಸೇರುವ ದಿನ ಬೆಳಿಗ್ಗೆ ಫೋನ್ ಎತ್ತದವರೂ ಇದ್ದಾರೆ. ಹಾಗಾಗಿ ದಿನ ಮುಂದೂಡಲು ಕೇಳುವ ಪತ್ರ ಕಾರಣ ಹೇಳಿದರೆ ಸಾಲದು, ಈ ಅನುಮಾನವನ್ನೂ ತೆಗೆಯಬೇಕು.

ಪುಣೆಯಲ್ಲಿದ್ದ ನನ್ನ ಪರಿಚಯದ ಧಾರವಾಡದ ಹುಡುಗನೊಬ್ಬನ ಉದಾಹರಣೆ ಹೇಳುತ್ತೇನೆ. ಹಳೆಯ ಕಂಪನಿಯಲ್ಲಿ ಅವನ ಕೊನೆಯ ದಿನ ಮೇ 30. ಹೈದರಾಬಾದಿನ ಹೊಸ ಕಂಪನಿಗೆ ಜೂನ್ 2ರಂದು ಸೇರಬೇಕಿತ್ತು. ಮೇ 12ರಂದು ಊರಿನಿಂದ ಫೋನ್ ಬಂತು: ತಂದೆಯ ಮಂಡಿ ಕೀಲು ಬದಲಿಸುವ ಆಪರೇಷನ್ ಜೂನ್ 4ಕ್ಕೆ ನಿಗದಿಯಾಗಿದೆ. ಮನೆಯಲ್ಲಿ ತಾಯಿಯೊಬ್ಬರೇ. ಮೈಸೂರಿನ ಅಕ್ಕ ಬರುವುದು ಜೂನ್ 21ಕ್ಕೆ. ‘ಏನಂತ ಬರೀಲ್ರಿ ಸರ?’ ಎಂದು ಅಂದೇ ಕೇಳಿದ. ಮೊದಲು ಎಚ್‌ಆರ್‌ಗೆ ಫೋನ್ ಮಾಡು, ಆಮೇಲೆ ಮೇಲ್ ಕಳಿಸು, ಮುಂದೆ ನಿನ್ನ ಮ್ಯಾನೇಜರ್ ಆಗುವವರಿಗೂ ಪ್ರತಿ ಇರಲಿ ಎಂದೆ. ಅವನು ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಇಷ್ಟು:

‘ನಾನು ಜೂನ್ 2ರಂದು ಸೇರುವುದಾಗಿ ಒಪ್ಪಿದ್ದೇನೆ. ಜೂನ್ 4ರಂದು ಧಾರವಾಡದಲ್ಲಿ ತಂದೆಯವರ ಮಂಡಿಯ ಆಪರೇಷನ್ ಇದೆ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು ಎರಡು ವಾರ, ನಾನು ಅವರ ಜೊತೆಗಿರಬೇಕಾಗಿದೆ. ನಂತರ ಅಕ್ಕ ನೋಡಿಕೊಳ್ಳುತ್ತಾರೆ. ಆದ್ದರಿಂದ ಜೂನ್ 23, ಸೋಮವಾರ ಸೇರಲು ಅವಕಾಶ ಕೊಡಬೇಕೆಂದು ವಿನಂತಿ. ಹಳೆಯ ಕಂಪನಿ ನನ್ನ ರಾಜೀನಾಮೆ ಒಪ್ಪಿದ ಮೇಲ್ ಲಗತ್ತಿಸಿದ್ದೇನೆ. ಉಳಿದ ದಾಖಲೆಗಳನ್ನು ಈ ವಾರವೇ ಸಲ್ಲಿಸುತ್ತೇನೆ. ಇದರಿಂದ ತಂಡದ ಕೆಲಸಕ್ಕೆ ತೊಂದರೆಯಾಗುವುದಾದರೆ ದಯವಿಟ್ಟು ತಿಳಿಸಿ, ಮಾತನಾಡೋಣ.’

ಕೆಲಸ ಮಾಡಿದ್ದು ಆ ಲಗತ್ತು. ಹಳೆಯ ಕೆಲಸ ಬಿಟ್ಟಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಇನ್ನು 23 ಎಂಬ ತಾರೀಖು ಎಲ್ಲಿಂದ ಬಂತು ಎನ್ನುವುದು ಪತ್ರದಲ್ಲೇ ಇದೆ. ‘ಮೂರ್ನಾಲ್ಕು ವಾರ’ ಎಂದು ಬರೆದಿದ್ದರೆ ಅದು ಐದಾಗುವುದಿಲ್ಲ ಎಂದು ಯಾರು ನಂಬುತ್ತಾರೆ? ಮೂರು ವಾರ ಮೊದಲೇ ಕೇಳಿದ್ದರಿಂದ ಕಂಪನಿಗೂ ಕೆಲಸ ಹೊಂದಿಸಿಕೊಳ್ಳಲು ಸಮಯ ಸಿಕ್ಕಿತು. ಅದೇ ಮಾತನ್ನು ಮೇ 31ರಂದು ಹೇಳಿದ್ದರೆ ನೆಪದಂತೆ ಕೇಳುತ್ತಿತ್ತು.

ಎಚ್‌ಆರ್ ಫೋನಿನಲ್ಲಿ ‘ಆಗಲಿ’ ಎಂದರು. ಅಲ್ಲಿಗೇ ನಿಲ್ಲಬೇಡ ಎಂದೆ. ಇಂಥ ದಿನದೊಳಗೆ ಸೇರದಿದ್ದರೆ ಈ ಆಫರ್ ರದ್ದಾದಂತೆ ಎಂಬ ಸಾಲು ಬಹಳಷ್ಟು ಆಫರ್ ಪತ್ರಗಳಲ್ಲಿ ಇರುತ್ತದೆ. ಒಪ್ಪಿಗೆ ಕೊಟ್ಟ ಎಚ್‌ಆರ್ ನಾಳೆ ಕೆಲಸ ಬಿಟ್ಟರೆ ಉಳಿಯುವುದು ಆ ಸಾಲು ಮಾತ್ರ. ಹೊಸ ತಾರೀಖು ಹಾಕಿದ ಆಫರ್ ಪತ್ರವನ್ನೋ, ಕನಿಷ್ಠ ಕಂಪನಿಯ ವಿಳಾಸದಿಂದ ಒಂದು ಮೇಲ್ ಅನ್ನೋ ಪಡೆಯಬೇಕು. ಜಾಯಿನಿಂಗ್ ಬೋನಸ್ ಇದ್ದರೆ ಅದು ಹಾಗೇ ಉಳಿದಿದೆಯೇ ಎಂದೂ ನೋಡಿಕೊಳ್ಳಬೇಕು.

ಇನ್ನೊಂದು ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೊಸದು ಶುರುವಾಗುವುದು ಸೇರಿದ ಮೇಲೆ. ನಡುವಿನ ಮೂರು ವಾರ ಸಂಬಳವೂ ಇಲ್ಲ, ವಿಮೆಯೂ ಇಲ್ಲ. ಈ ಹುಡುಗನ ತಂದೆಗೆ ಬೇರೆ ಪಾಲಿಸಿ ಇತ್ತು. ಇಲ್ಲದಿದ್ದರೆ ಆಪರೇಷನ್ನಿನ ಪೂರ್ತಿ ಬಿಲ್ಲು ಮನೆಯವರ ಮೇಲೆ ಬೀಳುತ್ತಿತ್ತು. ಅಂಥವರು ಹೊಸ ಕಂಪನಿಯನ್ನು ಕೇಳುವ ಮೊದಲು ಹಳೆಯ ಕಂಪನಿಯಲ್ಲೇ ಕೊನೆಯ ದಿನ ಮುಂದಕ್ಕೆ ಹೋಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಕಂಪನಿ ‘ಆಗದು’ ಎನ್ನಲೂಬಹುದು. ಅವರ ಪ್ರಾಜೆಕ್ಟಿಗೂ ಒಂದು ದಿನಾಂಕ ಇರುತ್ತದೆ. ಆಗ ಹೇಳಿದ ದಿನವೇ ಸೇರಿ ಕೆಲವು ದಿನ ಸಂಬಳವಿಲ್ಲದ ರಜೆ ಕೇಳಬಹುದೇ, ಮೊದಲ ಎರಡು ವಾರ ಊರಿನಿಂದಲೇ ಕೆಲಸ ಮಾಡಬಹುದೇ ಎಂದು ಮೊದಲೇ ಯೋಚಿಸಿಟ್ಟುಕೊಂಡಿರಬೇಕು. ಎರಡನೇ ಸಲ ದಿನ ಮುಂದೂಡಲು ಕೇಳಿದರೆ ಒಪ್ಪುವವರು ಕಡಿಮೆ.

ನನ್ನಂತೆ ಮೇಜಿನ ಈಚೆ ಕೂತವರಿಗೂ ಒಂದು ಮಾತು. ನಮ್ಮಲ್ಲಿಂದ ಹೋಗುವವರನ್ನು 90 ದಿನ ಹಿಡಿದಿಡುತ್ತೇವೆ. ಬರುವವರು ಅಪ್ಪನ ಆಪರೇಷನ್ನಿಗೆ, ಮಗುವಿನ ಶಾಲೆಯ ಟಿ.ಸಿ.ಗೆ ಮೂರು ವಾರ ಕೇಳಿದರೆ ಮುಖ ಸಿಂಡರಿಸುತ್ತೇವೆ. ಊರು ಬಿಟ್ಟು ಊರಿಗೆ ಬಂದು ದುಡಿಯುವವರಿಗೆ ಇವು ನೆಪಗಳಲ್ಲ. ಕಾರಣ, ತಾರೀಖು, ದಾಖಲೆ ಮೂರನ್ನೂ ಮುಂದಿಟ್ಟು ಕೇಳಿದವರನ್ನು ಅನುಮಾನಿಸುವುದು ನ್ಯಾಯವಲ್ಲ.