ಕತ್ತರಿಸಿದ್ದು ಮೌನ ಅಂದುಕೊಂಡಿದ್ದೆ, ‘ಅಲ್ಲ’ ಕೂಡ ಹೋಗಿತ್ತು

ಹೋದ ಸೆಮ್‌ನಲ್ಲಿ ನಾನೊಂದು 25 ವ್ಯಾಟ್ ಸೋಲ್ಡರಿಂಗ್ ಐರನ್‌ನ ರಿವ್ಯೂ ವೀಡಿಯೋ ಮಾಡಿದ್ದೆ. ಶೂಟ್ ಮಾಡಿದ್ದು ಹದಿನಾಲ್ಕು ನಿಮಿಷ, ಎಡಿಟ್ ಆದ್ಮೇಲೆ ನಾಲ್ಕು. ಎಲ್ಲೂ ಬೋರ್ ಹೊಡಿಯಲ್ಲ ಅಂತ ಫ್ರೆಂಡ್ಸ್ ಹೊಗಳಿದ್ರು. ಎರಡು ವಾರ ಬಿಟ್ಟು ಫಸ್ಟ್ ಇಯರ್ ಹುಡುಗಿಯೊಬ್ಬಳು ಅದೇ ಐರನ್ ಹಿಡ್ಕೊಂಡು ರೂಮಿಗೆ ಬಂದ್ಲು. “ಅಕ್ಕಾ, ಪಿಸಿಬಿಯ ಗ್ರೌಂಡ್ ಪ್ಯಾಡಲ್ಲಿ ಲೆಡ್ ಕರಗ್ತಾನೇ ಇಲ್ಲ. ನೀವು ಬಿಸಿ ಸಾಕಾಗುತ್ತೆ ಅಂದಿದ್ರಲ್ಲ?”

ನಾನು ಹೇಳಿದ್ದು “ಸಾಕಾಗಲ್ಲ” ಅಂತ. ವೀಡಿಯೋ ಹಾಕಿ ಕೇಳಿದ್ರೆ “ಗ್ರೌಂಡ್ ಪ್ಯಾಡಿಗೆ ಬಿಸಿ ಸಾಕಾಗ…” ಅನ್ನೋವಷ್ಟರಲ್ಲಿ ಮುಂದಿನ ಶಾಟ್ ಬಂದಿತ್ತು. ಉಳಿದದ್ದನ್ನ ಅವಳೇ ತುಂಬಿಕೊಂಡಿದ್ದಳು.

ತಪ್ಪು ನಡೆದದ್ದು ಹೀಗೆ. ಖಾಲಿ ಜಾಗ ಹುಡುಕೋಕೆ ನಾನು ಈ ಕಮಾಂಡ್ ಬಳಸಿದ್ದೆ:

```
ffmpeg -i review.mp4 -af silencedetect=noise=-30dB:d=0.5 -f null -
```

ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ದನಿ -30 ಡೆಸಿಬಲ್‌ಗಿಂತ ಕೆಳಗಿದ್ರೆ ಅದು ಆ ಜಾಗದ ಶುರು ಮತ್ತು ಕೊನೆಯ ಸಮಯ ಕೊಡುತ್ತೆ. ನಾನು ಕಣ್ಣು ಮುಚ್ಕೊಂಡು ಅಷ್ಟನ್ನೂ ಕತ್ತರಿಸಿದೆ. ಆದ್ರೆ ಕನ್ನಡದಲ್ಲಿ ಕ್ರಿಯಾಪದ ಬರೋದು ವಾಕ್ಯದ ಕೊನೆಯಲ್ಲಿ, ‘ಅಲ್ಲ’, ‘ಇಲ್ಲ’ ಬರೋದು ಅದರ ತುದಿಯಲ್ಲಿ. ಉಸಿರು ಮುಗಿಯುತ್ತಾ ಬಂದಾಗ ದನಿ ಇಳಿಯೋದೂ ಅಲ್ಲೇ. ನನ್ನ ರೂಮಿನ ಫ್ಯಾನ್ ಸದ್ದನ್ನೂ ಮೌನ ಅಂತ ಲೆಕ್ಕ ಹಾಕೋ ಹಾಗೆ ಮಿತಿ ಇಟ್ಟಿದ್ದೆ, ಮೆತ್ತಗೆ ಹೇಳಿದ “ಲ್ಲ” ಕೂಡ ಅದರ ಜೊತೆಗೇ ಹೋಯ್ತು. ಅದಕ್ಕೇ ಈಗ ಆ ಸಮಯಗಳನ್ನ ಗುರುತು ಮಾತ್ರ ಅಂತ ತಗೊಳ್ತೀನಿ. ಪ್ರತಿ ಕಟ್ಟಿಗೂ ವೇವ್‌ಫಾರ್ಮ್ ದೊಡ್ಡದು ಮಾಡಿ, ಮಾತು ನಿಜವಾಗಿ ಮುಗಿದ ಮೇಲೆ ಆರು ಫ್ರೇಮ್ ಬಿಡ್ತೀನಿ. 30 ಫ್ರೇಮ್ ವೀಡಿಯೋದಲ್ಲಿ ಅದು 0.2 ಸೆಕೆಂಡ್, ನೋಡೋರಿಗೆ ಗೊತ್ತೂ ಆಗಲ್ಲ. ಕೊನೆಗೆ ಕಣ್ಣು ಮುಚ್ಚಿ ಬರೀ ಆಡಿಯೋ ಒಂದ್ಸಲ ಕೇಳ್ತೀನಿ.

ಇದು ಮರೆವಿನ ತಪ್ಪು ಅಂದ್ಕೊಳ್ಳಿ. ಇನ್ನೆರಡು ತಪ್ಪು ನಾನು ಬೇಕಂತಲೇ ಮಾಡಿದ್ದು.

ಒಂದು, ಐರನ್ ಬಿಸಿಯಾಗೋಕೆ 3 ನಿಮಿಷ 10 ಸೆಕೆಂಡ್ ಹಿಡಿದಿತ್ತು. ಮಾತಿಲ್ಲ, ಚಲನೆ ಇಲ್ಲ, ಹಾಗಾಗಿ ಪೂರ್ತಿ ಎತ್ತಿಬಿಟ್ಟೆ. ವೀಡಿಯೋದಲ್ಲಿ ಪ್ಲಗ್ ಹಾಕಿದ ತಕ್ಷಣ ಲೆಡ್ ಕರಗುತ್ತೆ! ನಾನು ತಡವರಿಸಿದ್ದು, ಕತ್ತರಿ ಹುಡುಕಿದ್ದು, “ಆಮೇಲೆ… ಅದು…” ಅಂದಿದ್ದು ನನ್ನ ಸಮಯ, ಅದು ಹೋಗ್ಲಿ. ಐರನ್ ಕಾಯಿಸಿದ ಸಮಯ ಐರನ್‌ದು. ಅದು ರಿವ್ಯೂನ ಭಾಗ. ಅದನ್ನ ಬೋರ್ ಆಗದ ಹಾಗೆ ತೋರಿಸೋದೂ ಕಷ್ಟ ಅಲ್ಲ: ಫ್ರೇಮಿನೊಳಗೇ ಮೊಬೈಲ್ ಸ್ಟಾಪ್‌ವಾಚ್ ಇಟ್ಟು, 16 ಪಟ್ಟು ವೇಗ ಕೊಟ್ಟರೆ 190 ಸೆಕೆಂಡ್ ಸುಮಾರು 12 ಸೆಕೆಂಡಲ್ಲಿ ಮುಗಿಯುತ್ತೆ. ಮೂಲೆಯಲ್ಲಿ ‘16 ಪಟ್ಟು ವೇಗ’ ಅಂತ ಬರೆದರೆ ಸಾಕು.

ಇನ್ನೊಂದು ಕಟ್‌ಅವೇ. ಮಾತಿನ ಆಡಿಯೋ ಕೆಳಗಿನ ಟ್ರ್ಯಾಕಲ್ಲಿ ಓಡ್ತಿರುತ್ತೆ, ಮೇಲಿನ ಟ್ರ್ಯಾಕಲ್ಲಿ ವಸ್ತುವಿನ ಕ್ಲೋಸಪ್ ಇಡ್ತೀವಿ. ಮಾತಿನ ಮಧ್ಯೆ ಕತ್ತರಿಸಿದಾಗ ನಮ್ಮ ತಲೆ ಟಕ್ ಅಂತ ಜಿಗಿಯೋದು ಇದರಿಂದ ಮುಚ್ಚಿಹೋಗುತ್ತೆ. ಅದರಲ್ಲಿ ತಪ್ಪೇನಿಲ್ಲ. ಆದ್ರೆ ನನ್ನ ಐರನ್ನಿನ ಜಾಯಿಂಟ್ ಮಂಕಾಗಿ, ಉಂಡೆ ಕಟ್ಟಿ ಪ್ಯಾಡಿನ ಮೇಲೆ ಸುಮ್ನೆ ಕೂತಿತ್ತು. ಗ್ರೌಂಡ್ ಪ್ಯಾಡಿನ ಅಗಲವಾದ ತಾಮ್ರ ಬಿಸಿಯನ್ನೆಲ್ಲ ಎಳ್ಕೊಂಡುಬಿಡುತ್ತೆ, ಅದರ ಜೊತೆ 25 ವ್ಯಾಟ್ ಪೈಪೋಟಿ ಮಾಡಲ್ಲ. ನೋಡೋಕೆ ಚೆನ್ನಾಗಿಲ್ಲ ಅಂತ ನಾನು ಲ್ಯಾಬ್‌ನ ಸೋಲ್ಡರಿಂಗ್ ಸ್ಟೇಷನ್ನಲ್ಲಿ ಮಾಡಿದ ಹೊಳೆಯೋ ಜಾಯಿಂಟಿನ ಕ್ಲೋಸಪ್ ಹಾಕಿದ್ದೆ. ಅದು ಎಡಿಟಿಂಗ್ ಅಲ್ಲ, ಸುಳ್ಳು. ಮಾತಿನ ಬೆಸುಗೆಯನ್ನ ಮುಚ್ಚಬಹುದು, ಟೆಸ್ಟಿನ ಬೆಸುಗೆಯನ್ನ ಮುಚ್ಚಬಾರದು. ಐರನ್ ತುದಿ ಪ್ಯಾಡ್ ಮುಟ್ಟಿದಲ್ಲಿಂದ ಜಾಯಿಂಟ್ ಆರುವ ತನಕ ಒಂದೇ ಶಾಟ್ ಇರಬೇಕು, ಅದೇ ಜಾಯಿಂಟಿನದು.

ಕೊನೆಯ ತೀರ್ಪಿಗೆ ಬಂದ್ರೆ, “ಒಟ್ಟಾರೆ ಓಕೆ, ನಿಮ್ಮ ಬಜೆಟ್ ನೋಡ್ಕೊಂಡು ತಗೊಳ್ಳಿ” ಅಂದಿದ್ದೆ. ಇದನ್ನ ಫ್ಯಾನಿಗೂ ಹೇಳಬಹುದು, ಶೂಗೂ ಹೇಳಬಹುದು. ಸ್ಪಷ್ಟ ತೀರ್ಪು ಅಂದ್ರೆ ಯಾರು ತಗೋಬೇಕು, ಯಾರು ತಗೋಬಾರದು, ನಾನು ಎಷ್ಟು ಪರೀಕ್ಷೆ ಮಾಡಿದೆ ಅನ್ನೋ ಮೂರೂ ಇರಬೇಕು. ಈಗ ಬದಲಾಯಿಸಿದ್ದು ಹೀಗಿದೆ: “ವೈರ್, ರೆಸಿಸ್ಟರ್, ಜೀರೋ ಬೋರ್ಡ್ ಕೆಲಸಕ್ಕೆ ತಗೊಳ್ಳಿ. ದೊಡ್ಡ ಗ್ರೌಂಡ್ ಪ್ಯಾಡ್ ಇರೋ ಪಿಸಿಬಿಗೆ ಬೇಡ. ನಾನು ಬಳಸಿದ್ದು ಒಂದೇ ಪೀಸ್, ಒಂದು ವಾರ.” ಇಲ್ಲಿ ಕಟ್‌ಅವೇ ಇಲ್ಲ, ಮ್ಯೂಸಿಕ್ ಇಲ್ಲ. ಹೇಳಿದ್ದೇ ಅಕ್ಷರದಲ್ಲೂ ಐದು ಸೆಕೆಂಡ್ ನಿಲ್ಲುತ್ತೆ. ಒಂದು “ಲ್ಲ” ಕೇಳಿಸದೇ ಹೋದ್ರೂ ಓದಿಯಾದ್ರೂ ಗೊತ್ತಾಗ್ಲಿ.

ಹೊಸ ವೀಡಿಯೋ ಹಳೇದಕ್ಕಿಂತ ಅರ್ಧ ನಿಮಿಷ ಉದ್ದ. ಆ ಹುಡುಗಿಗೆ ಲ್ಯಾಬ್‌ನ ಸ್ಟೇಷನ್ನಲ್ಲಿ ಬೋರ್ಡ್ ಮುಗಿಸಿಕೊಟ್ಟೆ. ಐರನ್ ದುಡ್ಡು ವಾಪಸ್ ಕೊಡ್ತೀನಿ ಅಂದ್ರೆ, “ಬೇಡ ಅಕ್ಕಾ, ವೈರ್‌ಗೆ ಆಗುತ್ತಲ್ಲ” ಅಂದ್ಲು. ವೀಡಿಯೋದಲ್ಲಿ ನಾನು ಹೇಳಬೇಕಾಗಿದ್ದೂ ಅಷ್ಟೇ.