ಗ್ಲೂಕೋಸ್ ಬಾಟಲಿಗೆ ಮುನ್ನ ಒಂದು ಚುಚ್ಚುಮದ್ದು

ಸುಸ್ತಾದವನಿಗೆ ಒಂದು ಬಾಟಲಿ ಗ್ಲೂಕೋಸ್ ಏರಿಸಿದರೆ ಎದ್ದು ಕೂರುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ವೈದ್ಯರು ಬೇಡವೆಂದರೂ ರೋಗಿಯ ಕಡೆಯವರು ಬಿಡುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಇದರಿಂದ ಹಣ ಪೋಲಾಗುವುದಲ್ಲದೆ ಹೆಚ್ಚಿನ ಹಾನಿಯಿಲ್ಲ. ಆದರೆ ಊಟ ಬಿಟ್ಟು ವಾರಗಟ್ಟಲೆ ಕುಡಿದವನಿಗೆ, ಅಥವಾ ಬಸುರಿನ ವಾಂತಿಯಿಂದ ಹಲವು ವಾರ ತಿಂದದ್ದು ದಕ್ಕದ ಹೆಣ್ಣುಮಗಳಿಗೆ ಬರಿಯ ಗ್ಲೂಕೋಸ್ ಕೊಡುವುದು ಬೇರೆಯೇ ಮಾತು. ಅಲ್ಲಿ ಅಪಾಯಕ್ಕೆ ಸಿಲುಕುವುದು ನೆನಪಿನ ಶಕ್ತಿ.

ಏಕೆಂದು ತಿಳಿಯಲು ಮಿದುಳಿನ ಒಳಗಿನ ಒಂದು ವರ್ತುಲವನ್ನು ನೋಡಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಂಗರಚನಾ ವಿಜ್ಞಾನಿ ಜೇಮ್ಸ್ ಪೇಪೆಜ್ 1937ರಲ್ಲಿ ಇದನ್ನು ವಿವರಿಸಿದರು. ಹಿಪೊಕ್ಯಾಂಪಸ್‌ನಿಂದ ಹೊರಟ ಸಂಕೇತವು ಮಿದುಳಿನ ತಳದಲ್ಲಿರುವ, ಬಟಾಣಿ ಕಾಳಿನಷ್ಟು ಚಿಕ್ಕದಾದ ಎರಡು ಮ್ಯಾಮಿಲರಿ ಗುಬ್ಬಗಳನ್ನು ತಲುಪುತ್ತದೆ. ಅಲ್ಲಿಂದ ಥಲಾಮಸ್‌ನ ಮುಂಭಾಗಕ್ಕೆ, ಮುಂದೆ ಸಿಂಗ್ಯುಲೇಟ್ ಕಾರ್ಟೆಕ್ಸ್‌ಗೆ ಸಾಗಿ ಮರಳಿ ಹಿಪೊಕ್ಯಾಂಪಸ್‌ಗೆ ಬರುತ್ತದೆ. ಇದು ಭಾವನೆಗಳ ಹಾದಿ ಎಂದು ಪೇಪೆಜ್ ವಾದಿಸಿದರು. ಹುಚ್ಚುನಾಯಿ ಕಡಿತದ ರೋಗಿಗಳ ಭಯ, ಉದ್ವೇಗ ಹಾಗೂ ಅವರ ಹಿಪೊಕ್ಯಾಂಪಸ್‌ನಲ್ಲಿ ಕಂಡ ವೈರಸ್ಸಿನ ಗುರುತು ಅವರಿಗೆ ಒಂದು ಸಾಕ್ಷ್ಯವಾಗಿತ್ತು. ಭಾವನೆಯಲ್ಲಿ ಮುಖ್ಯ ಪಾತ್ರ ವಹಿಸುವ ಅಮಿಗ್ಡಲಾ ಅವರ ನಕ್ಷೆಯಲ್ಲಿ ಇರಲೇ ಇಲ್ಲ. ಕಾಲಕ್ರಮದಲ್ಲಿ ಆ ವರ್ತುಲದ ಪ್ರಧಾನ ಕೆಲಸ ಹೊಸ ನೆನಪುಗಳನ್ನು ಕಟ್ಟುವುದು ಎಂಬುದು ಖಚಿತವಾಯಿತು.

ಈ ವರ್ತುಲದ ದುರ್ಬಲ ಕೊಂಡಿಗಳೇ ಮ್ಯಾಮಿಲರಿ ಗುಬ್ಬಗಳು ಮತ್ತು ಥಲಾಮಸ್. ಸಕ್ಕರೆಯಿಂದ ಶಕ್ತಿ ಪಡೆಯಲು ಜೀವಕೋಶಕ್ಕೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಬೇಕು. ದೇಹದಲ್ಲಿ ಅದರ ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ. ಆಹಾರದಿಂದ ಬಾರದಿದ್ದರೆ ಎರಡು–ಮೂರು ವಾರಗಳಲ್ಲಿ ಬರಿದಾಗುತ್ತದೆ. ಆಗ ಮೊದಲು ತತ್ತರಿಸುವ ಭಾಗಗಳಲ್ಲಿ ಇವು ಸೇರಿವೆ. ಆ ಸ್ಥಿತಿಯಲ್ಲಿ ಗ್ಲೂಕೋಸ್ ಏರಿಸಿದರೆ ಅದನ್ನು ಬಳಸುವ ಭರದಲ್ಲಿ ಅಳಿದುಳಿದ ಥಯಾಮಿನ್ ಕೂಡ ವ್ಯಯವಾಗಿ ಹಾನಿ ಉಲ್ಬಣಿಸಬಹುದು. ತೀವ್ರ ಹಂತದ ಈ ಕಾಯಿಲೆಯ ಹೆಸರು ವೆರ್ನಿಕೆ ಎನ್ಸೆಫಲೋಪತಿ. ಅದು ಉಳಿಸಿಹೋಗುವ ಶಾಶ್ವತ ಮರೆವು ಕೋರ್ಸಕಾಫ್ ಸಿಂಡ್ರೋಮ್.

ಆ ಮರೆವು ಎಂಥದೆಂಬುದನ್ನು ನರವೈದ್ಯ ಆಲಿವರ್ ಸ್ಯಾಕ್ಸ್ 1985ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ದಾಖಲಿಸಿದ್ದಾರೆ. ನೌಕಾಪಡೆಯಲ್ಲಿದ್ದು, ನಿವೃತ್ತಿಯ ನಂತರ ಕುಡಿತಕ್ಕೆ ಬಿದ್ದ ಜಿಮ್ಮಿ (ಇದು ಅವರಿಟ್ಟ ಹೆಸರು) 1975ರಲ್ಲಿ ಅವರಲ್ಲಿಗೆ ಬಂದಾಗ ವಯಸ್ಸು 49. ಆತನ ಪಾಲಿಗೆ ಅದು ಇನ್ನೂ 1945. ತನಗೆ 19 ವರ್ಷ. ಕನ್ನಡಿ ತೋರಿಸಿದಾಗ ನರೆತ ಮುಖ ಕಂಡು ಗಾಬರಿಯಾದ; ಕೆಲವೇ ನಿಮಿಷಗಳಲ್ಲಿ ಆ ಗಾಬರಿಯನ್ನೂ ಮರೆತ. ಒಗಟು ಬಿಡಿಸುವ ಚುರುಕು ಮಾತ್ರ ಕುಂದಿರಲಿಲ್ಲ. ಚರ್ಚಿನ ಪ್ರಾರ್ಥನೆಯಲ್ಲಿ ಆತ ಪೂರ್ಣ ತನ್ಮಯನಾಗುತ್ತಿದ್ದನೆಂದು ಸ್ಯಾಕ್ಸ್ ಬರೆಯುತ್ತಾರೆ. ನೆನಪು ಕಡಿದುಹೋದರೂ ಭಾವ ಪೂರ್ತಿ ಬತ್ತಿರಲಿಲ್ಲ.

ಇಂಥ ಅನೇಕರು ನೆನಪಿನ ಖಾಲಿ ಜಾಗವನ್ನು ಕಥೆಗಳಿಂದ ತುಂಬುತ್ತಾರೆ. ಆಸ್ಪತ್ರೆಯ ಹಾಸಿಗೆಯಲ್ಲಿದ್ದುಕೊಂಡೇ ಬೆಳಿಗ್ಗೆ ಸಂತೆಗೆ ಹೋಗಿದ್ದೆ ಎನ್ನಬಹುದು. ಕುಡುಕನ ಸುಳ್ಳೆಂದು ಮನೆಯವರು ಸಿಡಿಮಿಡಿಗೊಳ್ಳುವುದು ಸಹಜವಾದರೂ ನನ್ನ ದೃಷ್ಟಿಯಲ್ಲಿ ಅದು ಅನ್ಯಾಯ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ, ಇವನಿಗೆ ಗೊತ್ತಿರುವುದಿಲ್ಲ.

ಕಾಯಿಲೆಯನ್ನು ತೀವ್ರ ಹಂತದಲ್ಲೇ ಹಿಡಿಯಬೇಕು. ಕಣ್ಣುಗುಡ್ಡೆಗಳು ಅದುರುವುದು ಅಥವಾ ಸರಿಯಾಗಿ ಹೊರಳದಿರುವುದು, ತೂರಾಡುವ ನಡಿಗೆ, ಮಂಕು ಕವಿದ ಮನಸ್ಸು, ಇವು ಪಠ್ಯಪುಸ್ತಕದ ಮೂರು ಲಕ್ಷಣಗಳು. ಮೂರೂ ಒಟ್ಟಿಗೆ ಕಾಣಿಸುವುದು ಅಲ್ಪಸಂಖ್ಯಾತರಲ್ಲಿ ಮಾತ್ರ. ತೂರಾಟ, ಮಂಕು ಎರಡನ್ನೂ ಅಮಲಿನ ಲೆಕ್ಕಕ್ಕೆ ಹಾಕಿಬಿಡುವುದು ಸುಲಭ. ಎಂಆರ್‌ಐ ಸಹಜವಾಗಿದ್ದರೂ ಕಾಯಿಲೆ ಇಲ್ಲವೆನ್ನಲಾಗದು. ಆದ್ದರಿಂದ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅನುಮಾನ ಬಂದೊಡನೆ ಥಯಾಮಿನ್ ಅನ್ನು ರಕ್ತನಾಳಕ್ಕೆ ಕೊಡುವುದು ಸರಿಯಾದ ಕ್ರಮ. ವ್ಯಾಪಕವಾಗಿ ಬಳಕೆಯಲ್ಲಿರುವ ಪ್ರಮಾಣ 500 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ. ಕುಡಿತದಿಂದ ಕೆಟ್ಟ ಕರುಳು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳದ ಕಾರಣ ಆರಂಭದಲ್ಲಿ ಮಾತ್ರೆ ಸಾಲದು. ಸಕಾಲದಲ್ಲಿ ಕೊಟ್ಟರೆ ಕಣ್ಣಿನ ದೋಷ ಗಂಟೆಗಳಲ್ಲೋ ದಿನಗಳಲ್ಲೋ ಸರಿಹೋಗುತ್ತದೆ. ತಡವಾದರೆ ನೆನಪು ಪೂರ್ಣವಾಗಿ ಮರಳುವುದು ಅಪರೂಪ.

ಥಯಾಮಿನ್ ದುಬಾರಿ ಔಷಧವಲ್ಲ. ತಾಲ್ಲೂಕು ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ, ಗ್ಲೂಕೋಸ್ ಬಾಟಲಿಯ ಪಕ್ಕದಲ್ಲೇ ಅದನ್ನು ಇಡಬೇಕೆಂಬ ಲಿಖಿತ ನಿಯಮ ಇರಬೇಕೆಂದು ನಾನು ವಾದಿಸುತ್ತೇನೆ. ಒಂದು ಎಚ್ಚರಿಕೆ: ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವನಿಗೆ ಥಯಾಮಿನ್ ಇಲ್ಲವೆಂದು ಗ್ಲೂಕೋಸ್ ತಡೆಹಿಡಿಯಬಾರದು, ಅದು ಜೀವಕ್ಕೇ ಎರವಾದೀತು. ಮೊದಲು ಗ್ಲೂಕೋಸ್ ಕೊಟ್ಟು, ಥಯಾಮಿನ್ ಅನ್ನು ಅದರ ಬೆನ್ನಿಗೇ ಏರಿಸಬೇಕು. ಉಳಿದ ಸಂದರ್ಭಗಳಲ್ಲಿ, ಬಾಟಲಿ ನೇತುಹಾಕುವ ಮುನ್ನ ರೋಗಿ ಸರಿಯಾಗಿ ಊಟ ಮಾಡಿ ಎಷ್ಟು ದಿನವಾಯಿತೆಂದು ಕೇಳಲು ಅರ್ಧ ನಿಮಿಷ ಸಾಕು. ವೈದ್ಯರು ಕೇಳದಿದ್ದರೆ ಮನೆಯವರೇ ಹೇಳಲಿ.